ಪ್ಯಾಕೆಟ್‌ನ ಹಿಂಬದಿ ಓದಿ

"ಮಗನಿಗೆ ಹಾಲಿನ ಅಲರ್ಜಿ ಇದೆ. ಪ್ಯಾಕೆಟ್ ಮೇಲೆ 'ನಾನ್ ಡೈರಿ' ಅಂತ ಇದ್ದರೆ ಧೈರ್ಯವಾಗಿ ಕೊಡಬಹುದಾ?"

ದಯವಿಟ್ಟು ಅಷ್ಟಕ್ಕೇ ನಂಬಬೇಡಿ. ಹಿಂದಿರುವ ಪದಾರ್ಥಗಳ ಪಟ್ಟಿಯನ್ನು ಕೊನೆಯವರೆಗೂ ಓದಿ. ಕಾಫಿಗೆ ಹಾಕುವ ನಾನ್ ಡೈರಿ ಕ್ರೀಮರ್ ಪುಡಿಯನ್ನೇ ನೋಡಿ. ಮೊದಲು ಗ್ಲೂಕೋಸ್ ಸಿರಪ್, ಆಮೇಲೆ ಎಣ್ಣೆ, ಅದರ ಹಿಂದೆಯೇ ಎಷ್ಟೋ ಸಲ ಸೋಡಿಯಂ ಕೇಸಿನೇಟ್ ಇರುತ್ತದೆ. ಅದು ಹಾಲಿನದೇ ಪ್ರೋಟೀನ್. ಅಲರ್ಜಿ ಬರುವುದೂ ಆ ಪ್ರೋಟೀನ್‌ನಿಂದಲೇ ಅಲ್ವಾ? ಕೇಸಿನ್, ವೇ, ಲ್ಯಾಕ್ಟಾಲ್ಬುಮಿನ್ ಅಂತ ಕಂಡರೂ ಪ್ಯಾಕೆಟ್ ವಾಪಸ್ ಇಟ್ಟುಬಿಡಿ. ಚಿಪ್ಸ್‌ನ ಮಸಾಲೆ ಪುಡಿಯಲ್ಲೂ ವೇ ಸೇರಿಕೊಂಡಿರುತ್ತದೆ, ಅಲ್ಲಿ ಯಾರೂ ಹುಡುಕುವುದೇ ಇಲ್ಲ.

'ಲ್ಯಾಕ್ಟೋಸ್ ಫ್ರೀ' ಹಾಲೂ ಬೇಡ. ಅದರಲ್ಲಿ ಹಾಲಿನ ಸಕ್ಕರೆಯನ್ನು ಮಾತ್ರ ಒಡೆದಿರುತ್ತಾರೆ, ಪ್ರೋಟೀನ್ ಹಾಗೇ ಉಳಿದಿರುತ್ತದೆ. ಕೋಕೋ ಬಟರ್ ಕಂಡರೆ ಮಾತ್ರ ಸುಮ್ನೆ ಗಾಬರಿಯಾಗಬೇಡಿ, ಅದು ಕೋಕೋ ಬೀಜದ ಕೊಬ್ಬು. ಆದರೆ ಅದೇ ಚಾಕೊಲೇಟ್‌ನಲ್ಲಿ ಬೇರೆ ಕಡೆ ಹಾಲು ಇರಬಹುದು.

ಇನ್ನೊಂದು ವಿಷಯ. 'ಹಾಲಿನ ಅಂಶ ಇರಬಹುದು' ಅನ್ನುವ ಎಚ್ಚರಿಕೆ ಹಾಕುವುದು ಎಷ್ಟೋ ದೇಶಗಳಲ್ಲಿ ಕಡ್ಡಾಯವಲ್ಲ. ಅದು ಇಲ್ಲ ಅಂದಮಾತ್ರಕ್ಕೆ ಹಾಲು ತಾಗಿಲ್ಲ ಅಂತ ಹೇಳಲಾಗದು. ಹೊಸ ತಿಂಡಿಯಾದರೆ, ಅದೇ ಯಂತ್ರದಲ್ಲಿ ಹಾಲಿನ ಪದಾರ್ಥ ತಯಾರಿಸುತ್ತಾರಾ ಅಂತ ಕಂಪನಿಗೇ ಬರೆದು ಕೇಳಿ.