ಸಾರಿನ ಪುಡಿ ಅಮೆರಿಕಕ್ಕೆ ಹೋದರೆ ‘ರಸಂ ಪೌಡರ್’ ಆಗಬೇಕಾ?

ನಮ್ಮದು ಮೈಸೂರಿನ ಸಾರಿನ ಪುಡಿ. ಅಮೆರಿಕದ ಕನ್ನಡಿಗರಿಗೆ ಮಾರುವಾಗ ಹೆಸರು, ರುಚಿ ಬದಲಿಸಬೇಕಾ?

ಹೆಸರು ಬದಲಿಸುವುದು ಬೇಡ. ‘ರಸಂ’ ಎಂದರೆ ಅಂಗಡಿಯಲ್ಲಿ ತಮಿಳು ಶೈಲಿಯ ಪುಡಿಗಳ ನಡುವೆ ಕಳೆದುಹೋಗುತ್ತೀರಿ. ‘ಸಾರಿನ ಪುಡಿ’ ಕನ್ನಡದಲ್ಲೇ ದೊಡ್ಡದಾಗಿರಲಿ. ಅಲ್ಲೇ ಬೆಳೆದ ಮಕ್ಕಳಲ್ಲಿ ಅನೇಕರಿಗೆ ಮಾತು ಬಂದರೂ ಲಿಪಿ ಬರದು, ಹಾಗಾಗಿ ಅದೇ ಉಚ್ಚಾರವನ್ನು ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ.

ಖಾರ ಜಾಸ್ತಿ ಎಂಬ ದೂರು ಬಂದರೆ ಬ್ಯಾಡಗಿಗೆ ಕೈಹಾಕಬೇಡಿ. ಅದರಿಂದ ಬರುವುದು ಮುಖ್ಯವಾಗಿ ಬಣ್ಣ, ಘಮ. ಗುಂಟೂರು ಮೆಣಸಿನಕಾಯಿ ತಗ್ಗಿಸಿ. ಬ್ಯಾಡಗಿ ಕಡಿಮೆಯಾದರೆ ಸಾರು ಪೇಲವವಾಗಿ, ‘ಊರಿನದಲ್ಲ’ ಅನ್ನಿಸಿಬಿಡುತ್ತದೆ.

ಇಂಗನ್ನು ಮರೆಯಬೇಡಿ: ಪುಡಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಅಲ್ಲಿನ ಕಾನೂನಿನಂತೆ ಲೇಬಲ್‌ನಲ್ಲಿ ಗೋಧಿ ಎಂದು ನಮೂದಿಸಲೇಬೇಕು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ.