ಹೊಗೆಯ ಬಿಸಿ ಅಮೈನ್‌ಗೆ ಸಾಲದು

"ಚಿಮಣಿ ಹೊಗೆ ಹೇಗೂ 130 ಡಿಗ್ರಿ ಬಿಸಿ ಇರುತ್ತೆ. ಅಮೈನ್ ಕಾಯಿಸೋಕೆ ಅದೇ ಸಾಕಲ್ವಾ? ಟರ್ಬೈನ್ ಹಬೆ ಯಾಕೆ ಕದೀಬೇಕು?"

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವ ಬಗ್ಗೆ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು.

ಅಮೈನ್ ದ್ರಾವಣ ಸುಮಾರು 40 ಡಿಗ್ರಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ. ಅದಕ್ಕೇ ಹೊಗೆಯನ್ನು ಮೊದಲು ತಣ್ಣಗೆ ಮಾಡುತ್ತಾರೆ. ಹಿಡಿದದ್ದನ್ನು ಬಿಡಿಸಲು ಮಾತ್ರ ದ್ರಾವಣ 120 ಡಿಗ್ರಿಯಲ್ಲಿ ಕುದಿಯುತ್ತಲೇ ಇರಬೇಕು. ಹೊಗೆ 130ರಿಂದ 120ಕ್ಕೆ ಇಳಿಯುವಷ್ಟರಲ್ಲಿ ಕೊಡುವ ಶಾಖ ತೀರಾ ಕಡಿಮೆ. ಅದರ ಕೆಳಗಿನ ಬಿಸಿ ಕುದಿಸಲು ಬರುವುದೇ ಇಲ್ಲ.

ಒಂದು ಲೆಕ್ಕ ನೋಡಿ. 500 ಮೆಗಾವ್ಯಾಟ್ ಕಲ್ಲಿದ್ದಲು ಘಟಕ ಗಂಟೆಗೆ ಸುಮಾರು 450 ಟನ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಶೇ. 90 ಹಿಡಿದರೆ 405 ಟನ್. ಎಂಇಎ ಎಂಬ ಹಳೆಯ ಮಾದರಿಯ ಅಮೈನ್ ದ್ರಾವಣಕ್ಕೆ ಟನ್ನಿಗೆ ಸುಮಾರು 3.6 ಗಿಗಾಜೂಲ್ ಶಾಖ ಬೇಕು. ಅಂದರೆ ಸತತವಾಗಿ 405 ಮೆಗಾವ್ಯಾಟ್ ಶಾಖ! ಹೊಗೆ ಆ 10 ಡಿಗ್ರಿಯಲ್ಲಿ ಕೊಡುವುದು ಹತ್ತು ಮೆಗಾವ್ಯಾಟಿನ ಆಸುಪಾಸು.

ಸಮಾಧಾನದ ವಿಷಯ ಏನೆಂದರೆ, ಕೊನೆಯ ಟರ್ಬೈನಿಗೆ ಹೋಗುವ ಕಡಿಮೆ ಒತ್ತಡದ ಹಬೆ ಈ ಕೆಲಸಕ್ಕೆ ಸಾಕು. ಅದರ ಬಹುಪಾಲು ಕೆಲಸ ಮೊದಲೇ ಮುಗಿದಿರುತ್ತದೆ. ಹಾಗಾಗಿ 405 ಮೆಗಾವ್ಯಾಟ್ ಶಾಖ ತೆಗೆದರೂ ಕರೆಂಟಿನಲ್ಲಿ ಕಳೆಯುವುದು 90 ಮೆಗಾವ್ಯಾಟಿನಷ್ಟು. ಹಿಡಿದ ಅನಿಲವನ್ನು 110 ಬಾರ್ ಒತ್ತಡಕ್ಕೆ ತರಲು ಇನ್ನೊಂದು 40. ಒಟ್ಟು 130 ಹೋಯಿತು. ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ 2 ಮೆಗಾವ್ಯಾಟಿನ 65 ಗಾಳಿಯಂತ್ರಗಳು ಪೂರ್ತಿ ಗಾಳಿಗೆ ತಿರುಗಿದರೆ ಬರುವಷ್ಟು.

ಬಿಸಿ ಜಾಸ್ತಿ ಮಾಡಿ ಬೇಗ ಬಿಡಿಸೋಣ ಅಂದರೆ ಎಂಇಎ ಒಡೆಯತೊಡಗುತ್ತದೆ. ದ್ರಾವಣ ಕಂದುಬಣ್ಣಕ್ಕೆ ತಿರುಗಿ, ಕೊಳವೆಗಳಿಗೆ ತುಕ್ಕು ಹಿಡಿಯುತ್ತದೆ.