‘ಲ’ ಭೂತಕಾಲ ಅಲ್ಲ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

“ಸಂಪಾದಕರಿಗೆ ನಮಸ್ಕಾರ. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಆ ಕೆಲಸವನ್ನು ಮೂರು ಸಣ್ಣ ಪದಗಳು ಮಾಡುತ್ತವೆ: ‘ಲ’ ಅಂದರೆ ಭೂತಕಾಲ, ‘ಗುವೊ’ ಅಂದರೆ ಇಂಗ್ಲಿಷಿನ ಹ್ಯಾವ್, ‘ಜ’ ಅಂದರೆ ಇಂಗ್. ಈ ಸೂತ್ರ ಇಟ್ಟುಕೊಂಡು ಕನ್ನಡದಿಂದ ಅನುವಾದ ಮಾಡುವುದು ಹೇಗೆ ಅಂತ ಲೇಖನ ಬರೆದಿದ್ದೇನೆ. ಕೊನೆಯಲ್ಲಿ ಮಾದರಿಗೆ ಒಂದು ತುಣುಕಿದೆ. ಪ್ರಕಟಣೆಗೆ ಆಗುತ್ತದಾ? ಮುಚ್ಚುಮರೆ ಇಲ್ಲದೆ ಹೇಳಿ.”

ನಮಸ್ಕಾರ. ಈಗಿರುವ ಹಾಗೆ ಆಗುವುದಿಲ್ಲ. ನಿಮ್ಮ ವಾಕ್ಯಗಳು ಚೆನ್ನಾಗಿವೆ, ಓದಿಸಿಕೊಂಡು ಹೋಗುತ್ತವೆ. ತೊಂದರೆ ಇರುವುದು ಸೂತ್ರದಲ್ಲೇ. ಅದನ್ನು ನಂಬಿ ಅನುವಾದ ಮಾಡಿದವರು ಮೊದಲ ವಾಕ್ಯದಲ್ಲೇ ಎಡವುತ್ತಾರೆ. ನಿಮ್ಮ ಮಾದರಿ ತುಣುಕಿನಲ್ಲಿ ಆಗಿರುವುದೂ ಅದೇ.

ತುಣುಕನ್ನೇ ತೆಗೆದುಕೊಳ್ಳೋಣ. “ಆಗ ಅಜ್ಜ ಮೇಷ್ಟ್ರಾಗಿದ್ದರು. ದಿನಾ ಬೆಳಿಗ್ಗೆ ಟೀ ಕುಡಿಯುತ್ತಿದ್ದರು. ಒಂದು ದಿನ ಟೀ ಕುಡಿದು ಹೊರಗೆ ಹೋದರು. ಬಾಗಿಲು ತೆರೆದಿತ್ತು.” ನಾಲ್ಕೂ ವಾಕ್ಯ ಹಿಂದಿನ ಕಾಲದವು ಅಂತ ನೀವು ಎಲ್ಲಕ್ಕೂ ‘ಲ’ ಹಚ್ಚಿದ್ದೀರಿ.

ಮೊದಲನೆಯದರಲ್ಲಿ ‘ಲ’ ಬರಲೇಬಾರದು. ‘ನಾ ಶಿಹೌ ಯೆಯೆ ಶಿ ಲಾವ್‌ಶಿ’ ಅಂದರೆ ಮುಗಿಯಿತು. ‘ನಾ ಶಿಹೌ’ ಅಂದರೆ ‘ಆಗ’. ಕಾಲವನ್ನು ಹೇಳುವ ಕೆಲಸ ಆ ಪದದ್ದು, ಕ್ರಿಯಾಪದದ್ದಲ್ಲ. ನೀವು ಬರೆದಂತೆ ಕೊನೆಗೆ ‘ಲ’ ಸೇರಿಸಿದರೆ, ಅಜ್ಜ ಅದಕ್ಕೆ ಮುಂಚೆ ಮೇಷ್ಟ್ರಾಗಿರಲಿಲ್ಲ, ಆಗ ಆದರು ಅನ್ನುವ ಧ್ವನಿ ಬರುತ್ತದೆ. ಎರಡನೆಯದು ದಿನನಿತ್ಯದ ರೂಢಿ. ಅಲ್ಲೂ ‘ಲ’ ಬೇಡ: ‘ಮೇಯ್‌ಥ್ಯೆನ್ ಜಾವ್‌ಶಾಂಗ್ ಹ ಛಾ’, ಅಷ್ಟೇ. ಹಿಂದೆ ನಡೆದದ್ದಾದರೂ ಅದು ಇಲ್ಲಿ ಶುರುವಾಗಿ ಇಲ್ಲಿ ಮುಗಿದ ಒಂದು ಘಟನೆ ಅಲ್ಲ.

ಮೂರನೆಯದರಲ್ಲಿ ಮಾತ್ರ ‘ಲ’ಗೆ ನಿಜವಾದ ಕೆಲಸ ಇದೆ. ‘ಥಾ ಹ ಲ ಛಾ ಜ್ಯೌ ಛುಛ್ಯು ಲ’: ಟೀ ಕುಡಿದು ಹೊರಗೆ ಹೋದರು. ಈಗ ಇದನ್ನೇ ನಾಳೆಗೆ ತಿರುಗಿಸಿ ನೋಡಿ. ‘ಮಿಂಗ್‌ಥ್ಯೆನ್ ವೊ ಹ ಲ ಛಾ ಜ್ಯೌ ಛುಛ್ಯು’, ಅಂದರೆ ನಾಳೆ ಟೀ ಕುಡಿದು ಹೋಗ್ತೀನಿ. ಟೀ ಕುಡಿಯುವುದು ಇನ್ನೂ ಆಗಿಲ್ಲ, ಆದರೂ ಕುಡಿಯುವುದನ್ನು ಹೇಳುವ ‘ಹ’ ಪಕ್ಕದ ‘ಲ’ ಅಲ್ಲೇ ಇದೆ. ಭೂತಕಾಲದ ಗುರುತಾಗಿದ್ದರೆ ನಾಳೆಯ ವಾಕ್ಯದಲ್ಲಿ ಅದಕ್ಕೇನು ಕೆಲಸ?

ನಮ್ಮ ‘ಕುಡಿದು’ ಕೂಡ ಅದನ್ನೇ ಮಾಡುತ್ತದೆ. ನಿನ್ನೆ ಕುಡಿದು ಹೋದೆ, ನಾಳೆ ಕುಡಿದು ಹೋಗ್ತೀನಿ, ರೂಪ ಒಂದೇ. ಒಂದು ಕೆಲಸ ಮುಗಿದ ಮೇಲೆ ಇನ್ನೊಂದು, ಅಷ್ಟನ್ನೇ ಅದು ಹೇಳುತ್ತದೆ. ನಿಮ್ಮ ಲೇಖನದ ದೊಡ್ಡ ಕೊರತೆ ಇದು: ಕೈಯಲ್ಲಿ ಕನ್ನಡ ಇಟ್ಟುಕೊಂಡು ಇಂಗ್ಲಿಷ್ ವ್ಯಾಕರಣದ ಸುತ್ತು ದಾರಿ ಹಿಡಿದಿದ್ದೀರಿ.

‘ಲ’ ವಾಕ್ಯದ ಕೊನೆಗೆ ಬಂದಾಗಂತೂ ಕನ್ನಡದವರಿಗೆ ಇನ್ನೂ ಸುಲಭ. ರಸ್ತೆ ತಿರುವಿನಲ್ಲಿ ಬಸ್ ಕಂಡ ಕೂಡಲೇ ನಾವು ‘ಬಸ್ ಬಂತು’ ಅಂತೀವಿ. ಅದಿನ್ನೂ ಸ್ಟಾಪಿಗೆ ಬಂದಿರುವುದಿಲ್ಲ. ಚೀನೀಯರು ‘ಛ ಲಾಯ್ ಲ’ ಅನ್ನುತ್ತಾರೆ. ಯಾರಾದರೂ ಕರೆದರೆ ಎದ್ದೇಳುವ ಮೊದಲೇ ‘ಬಂದೆ’ ಅಂತೀವಲ್ಲ, ಅವರು ‘ಲಾಯ್ ಲ’ ಅಂತಾರೆ. ಸ್ಥಿತಿ ಬದಲಾಯಿತು ಅಂತ ಸಾರುವ ‘ಲ’ ಇದು. ಹಾಗಾಗಿ ನಾನು ಇಟ್ಟುಕೊಂಡಿರುವ ಪರೀಕ್ಷೆ ಹೀಗೆ: ಕನ್ನಡದಲ್ಲಿ ‘ಆಯ್ತು’ ಇದ್ದರೆ ‘ಲ’ ಬೇಕಾಗಬಹುದು, ‘ಇತ್ತು’ ಇದ್ದರೆ ಸಾಮಾನ್ಯವಾಗಿ ಬೇಡ. ‘ನನಗೆ ಗೊತ್ತಾಯ್ತು’ ಅಂದರೆ ‘ವೊ ಜಿದಾವ್ ಲ’. ‘ಆಗ ನನಗೆ ಗೊತ್ತಿತ್ತು’ ಅನ್ನಲು ಬರೀ ‘ಜಿದಾವ್’ ಸಾಕು. ‘ಚೀನೀ ಕಲಿಯೋಕೆ ಶುರು ಮಾಡಿ ಮೂರು ವರ್ಷ ಆಯ್ತು’ ಅನ್ನುವಾಗ ಎರಡು ‘ಲ’ ಬರುತ್ತವೆ: ‘ವೊ ಶ್ವೆ ಲ ಸಾನ್ ನ್ಯೆನ್ ಜುಂಗ್‌ವನ್ ಲ’. ಕೊನೆಯದನ್ನು ಬಿಟ್ಟರೆ ಮೂರು ವರ್ಷ ಕಲಿತೆ ಅಂತಷ್ಟೇ ಆಗುತ್ತದೆ. ಈಗಲೂ ಕಲಿಯುತ್ತಿದ್ದೀರಿ ಅನ್ನುವುದು ಹೋಗಿಬಿಡುತ್ತದೆ. ಇದು ಪೂರ್ತಿ ಸೂತ್ರವಲ್ಲ, ಮೊದಲ ಜರಡಿ ಅಷ್ಟೇ.

ಸೂತ್ರ ಒಡೆಯುವ ಇನ್ನೊಂದು ಜಾಗ ನಿಷೇಧ. ‘ನಾನು ಟೀ ಕುಡಿಯಲಿಲ್ಲ’ ಅನ್ನಲು ‘ವೊ ಮೇಯ್ ಹ ಛಾ’. ಹಿಂದಿನ ಮಾತೇ, ಆದರೂ ‘ಲ’ ಮಾಯ. ಆಗದ ಘಟನೆಗೆ ಮುಗಿದ ಗುರುತು ಹಾಕುವುದು ಹೇಗೆ? ನಿಮ್ಮ ಲೇಖನದಲ್ಲಿ ನಿಷೇಧ ವಾಕ್ಯ ಒಂದೂ ಇಲ್ಲ. ಇದ್ದಿದ್ದರೆ ನಿಮಗೇ ಅನುಮಾನ ಬರುತ್ತಿತ್ತು ಅನ್ನಿಸುತ್ತದೆ.

‘ಗುವೊ’ ಹಾಗಲ್ಲ, ಅದು ನಿಷೇಧದಲ್ಲೂ ಉಳಿಯುತ್ತದೆ. ‘ಮೇಯ್ ಛ್ಯು’ ಅಂದರೆ ಹೋಗಲಿಲ್ಲ, ‘ಮೇಯ್ ಛ್ಯು ಗುವೊ’ ಅಂದರೆ ಹೋಗೇ ಇಲ್ಲ, ಜನ್ಮದಲ್ಲಿ ಒಮ್ಮೆಯೂ. ‘ಗುವೊ’ ಹೇಳುವುದು ಅನುಭವವನ್ನು. ಎಂದೋ ಒಮ್ಮೆ ಆಗಿದೆ, ಈಗ ಆ ಸ್ಥಿತಿ ದಾಟಿ ಬಂದಾಗಿದೆ. ನೀವು ‘ಅವನ ಕಾಲು ಮುರಿದಿತ್ತು, ಈಗ ಓಡುತ್ತಾನೆ’ ಅನ್ನುವುದನ್ನು ‘ಥಾ ಶ್ವಾಯ್‌ದ್ವಾನ್ ಲ ಥ್ವೇಯ್’ ಅಂತ ಶುರು ಮಾಡಿದ್ದೀರಿ. ಅದನ್ನು ಓದಿದ ಚೀನೀಯರ ಕಣ್ಣಿಗೆ ಬರುವುದು ಪ್ಲಾಸ್ಟರ್ ಹಾಕಿದ ಕಾಲು. ‘ಶ್ವಾಯ್‌ದ್ವಾನ್ ಗುವೊ’ ಅಂದರೆ ಮಾತ್ರ ಮುರಿದು ವಾಸಿಯಾದ ಕಾಲು.

ಇಲ್ಲಿ ಕನ್ನಡವೂ ಕೈಕೊಡುವ ಒಂದು ಜಾಗ ಇದೆ, ಅದನ್ನು ಲೇಖನದಲ್ಲಿ ತರಲೇಬೇಕು. ‘ಅವರು ಬೇಜಿಂಗ್‌ಗೆ ಹೋಗಿದ್ದಾರೆ.’ ಈಗಲೂ ಅಲ್ಲೇ ಇದ್ದಾರಾ, ಅಥವಾ ಎಂದೋ ಹೋಗಿ ಬಂದವರಾ? ಕನ್ನಡ ಎರಡಕ್ಕೂ ಒಪ್ಪುತ್ತದೆ. ಚೀನೀಯಲ್ಲಿ ನೀವು ಒಂದನ್ನು ಆರಿಸಲೇಬೇಕು: ‘ಛ್ಯು ಲ’ ಅಂದರೆ ಸಾಮಾನ್ಯವಾಗಿ ಹೋದವರು ಇನ್ನೂ ವಾಪಸ್ ಬಂದಿಲ್ಲ, ‘ಛ್ಯು ಗುವೊ’ ಅಂದರೆ ಹೋಗಿ ಬಂದಿದ್ದಾರೆ. ಉತ್ತರ ಆ ವಾಕ್ಯದಲ್ಲಿ ಸಿಗುವುದಿಲ್ಲ, ಹಿಂದಿನ ಪುಟ ತಿರುವಬೇಕು.

ಉಳಿದದ್ದು ನಿಮ್ಮ ನಾಲ್ಕನೇ ವಾಕ್ಯ, ಬಾಗಿಲು. ಅದಕ್ಕೆ ‘ಮನ್ ಕಾಯ್ ಜ’. ‘ಜ’ ಇಂಗ್ಲಿಷಿನ ಇಂಗ್ ಆಗಿದ್ದರೆ ಬಾಗಿಲು ತೆರೆದುಕೊಳ್ಳುತ್ತಿದೆ ಅಂತಾಗಬೇಕಿತ್ತು. ಹಾಗಲ್ಲ, ತೆರೆದು ಹಾಗೇ ನಿಂತಿದೆ. ‘ಥಾ ಛ್ವಾನ್ ಜ ಹುಂಗ್ ಯಿಫು’ ಅಂದರೆ ಅವಳು ಕೆಂಪು ಬಟ್ಟೆ ಹಾಕಿಕೊಂಡಿದ್ದಾಳೆ. ಹಾಕಿಕೊಳ್ಳುತ್ತಿದ್ದಾಳೆ ಅನ್ನಬೇಕಾದರೆ ಬೇರೆಯೇ ಪದ ಬೇಕು, ಕ್ರಿಯಾಪದಕ್ಕಿಂತ ಮೊದಲು ಬರುವ ‘ಜಾಯ್’. ನೀವು ಎರಡನ್ನೂ ಒಂದೇ ಮಾಡಿದ್ದೀರಿ. ನಮ್ಮ ‘ನಿಂತುಕೊಂಡು ತಿಂದ’ದಲ್ಲಿನ ‘ಕೊಂಡು’ ಇದಕ್ಕೆ ಹತ್ತಿರ: ‘ಜಾನ್ ಜ ಛಿ’.

ಅಂದಹಾಗೆ ‘ಮನ್ ಕಾಯ್ ಜ’ವನ್ನು ವಾಪಸ್ ಕನ್ನಡಕ್ಕೆ ತರುವಾಗ ತೊಂದರೆ ತಿರುಗಿ ನಿಲ್ಲುತ್ತದೆ. ‘ತೆರೆದಿದೆ’ಯೋ ‘ತೆರೆದಿತ್ತೋ’ ಅಂತ ಅದು ಹೇಳುವುದಿಲ್ಲ. ಕಥೆ ಎಂದು ನಡೆಯುತ್ತಿದೆ ಅಂತ ನೋಡಿ ನೀವೇ ಕಾಲ ತುಂಬಬೇಕು. ಇದನ್ನು ನೀವು ಮುಟ್ಟಿಯೇ ಇಲ್ಲ. ಅರ್ಧ ಪುಟವಾದರೂ ಬೇಕು.

ತಿದ್ದಿ ಕಳಿಸುವಾಗ ಮೊದಲ ಪುಟದ ಕೋಷ್ಟಕ ತೆಗೆದುಬಿಡಿ. ಅಜ್ಜನ ತುಣುಕು ಮುಂದೆ ಬರಲಿ, ತಪ್ಪು ಅನುವಾದದ ಜೊತೆಗೇ. ಓದುಗರು ಅಲ್ಲಿಂದ ಶುರು ಮಾಡಲಿ. ಪ್ರತಿ ಚೀನೀ ವಾಕ್ಯವನ್ನೂ ಆ ಭಾಷೆ ಆಡುತ್ತಾ ಬೆಳೆದ ಒಬ್ಬರಿಗಾದರೂ ಓದಿ ಹೇಳಿ. ‘ಸರಿಯಾ’ ಅಂತ ಕೇಳಬೇಡಿ, ಜಾಸ್ತಿ ಜನ ಮರ್ಯಾದೆಗೆ ಸರಿ ಅಂದುಬಿಡುತ್ತಾರೆ. ‘ಈಗ ಅವನ ಕಾಲು ಹೇಗಿದೆ’ ಅಂತ ಕೇಳಿ.